ಅಮ್ಮನ ಎಫ್‌ಡಿ ತಾನಾಗೇ ರಿನ್ಯೂ ಆಯ್ತು, ತಿಂಗಳಿಗೆ 988 ರೂಪಾಯಿ ಹೋಯ್ತು

ಕಳೆದ ಅಕ್ಟೋಬರ್‌ನಲ್ಲಿ ತುಮಕೂರಿನಿಂದ ಅಮ್ಮ ಫೋನ್ ಮಾಡಿದ್ದಳು. ಊಟ, ಕೆಲಸ ಎಲ್ಲ ವಿಚಾರಿಸಿ ಕೊನೆಗೆ, "ಅಲ್ಲ ಕಣೇ, ಬ್ಯಾಂಕಿನವರು ಎರಡು ತಿಂಗಳಿಂದ ಬಡ್ಡಿ ಕಮ್ಮಿ ಹಾಕ್ತಾ ಇದ್ದಾರೆ. ಏನೋ ತಪ್ಪಾಗಿರ್ಬೇಕು, ಸ್ವಲ್ಪ ನೋಡು" ಅಂದಳು. ತಿಂಗಳಿಗೆ 7,206 ರೂಪಾಯಿ ಬರುತ್ತಿದ್ದ ಜಾಗದಲ್ಲಿ 6,218 ಬರುತ್ತಿತ್ತು. ಬ್ಯಾಂಕಿಗೆ ಹೋಗಿ ಕೇಳಿದರೆ ತಪ್ಪೇನೂ ಆಗಿರಲಿಲ್ಲ. ಆಗಸ್ಟ್ 12ಕ್ಕೆ ಎಫ್‌ಡಿ ಮುಗಿದಿದೆ, ಅವತ್ತೇ ತಾನಾಗೇ ರಿನ್ಯೂ ಆಗಿದೆ. "ಫಾರಂನಲ್ಲಿ ನೀವೇ ಟಿಕ್ ಮಾಡಿದ್ದೀರಲ್ಲ ಮೇಡಂ" ಎಂದು ಕೌಂಟರ್‌ನಲ್ಲಿದ್ದವರು ತೋರಿಸಿದರು. ಟಿಕ್ ಇತ್ತು, ನಿಜ. ಆದರೆ ಅದು ಮೊದಲೇ ಪ್ರಿಂಟ್ ಆಗಿ ಬಂದಿದ್ದ ಟಿಕ್. ಅಮ್ಮ ಹಾಕಿದ್ದು ಕೆಳಗಿನ ಸಹಿ ಮಾತ್ರ.

ಇದು ನಮ್ಮ ಮನೆಯೊಂದರ ಕಥೆ ಅಲ್ಲ ಅನ್ನೋ ಕಾರಣಕ್ಕೇ ಬರೆಯುತ್ತಿದ್ದೇನೆ. ರಿಸರ್ವ್ ಬ್ಯಾಂಕ್ 2025ರ ಫೆಬ್ರವರಿ, ಏಪ್ರಿಲ್, ಜೂನ್ ಮತ್ತು ಡಿಸೆಂಬರ್‌ನಲ್ಲಿ ರೆಪೊ ದರ ಇಳಿಸಿತು. ವರ್ಷದ ಶುರುವಿನಲ್ಲಿ ಶೇ. 6.5 ಇದ್ದದ್ದು ಕೊನೆಗೆ ಶೇ. 5.25 ಆಯಿತು. ಪ್ರತಿ ಸಲವೂ ಟಿವಿಯಲ್ಲಿ ಬಂದದ್ದು ಒಂದೇ ಸುದ್ದಿ: ಮನೆ ಸಾಲದ ಇಎಂಐ ಎಷ್ಟು ಇಳಿಯುತ್ತೆ. ಆ ಸುದ್ದಿಯಲ್ಲಿ ಅಮ್ಮನಂಥವರು ಇರಲಿಲ್ಲ. ಅಪ್ಪ ಪೀಣ್ಯದ ಖಾಸಗಿ ಕಾರ್ಖಾನೆಯಲ್ಲಿ ದುಡಿದು ತೀರಿಕೊಂಡವರು. ಕಾರ್ಮಿಕರ ಪಿಂಚಣಿ ಯೋಜನೆಯಲ್ಲಿ 2014ರಲ್ಲಿ ನಿಗದಿಯಾದ ಕನಿಷ್ಠ ಪಿಂಚಣಿ ತಿಂಗಳಿಗೆ ಒಂದು ಸಾವಿರ ರೂಪಾಯಿ. ಅಮ್ಮನಿಗೆ ಬರೋದು ಅದಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಉಳಿದಂತೆ ಅವಳ ಸಂಬಳ, ಅವಳ ಪಿಂಚಣಿ ಎಲ್ಲವೂ ಅಪ್ಪನ ಪಿಎಫ್, ಗ್ರಾಚ್ಯುಟಿ ಸೇರಿಸಿ ಇಟ್ಟ 12 ಲಕ್ಷದ ಆ ಒಂದು ಎಫ್‌ಡಿ.

988 ರೂಪಾಯಿ ಯಾರ ಪಾಲಾಯ್ತು?

ದರ ಇಳಿದಿದೆ, ಬಡ್ಡಿ ಕಮ್ಮಿಯಾಗಿದೆ, ಇದರಲ್ಲಿ ಬ್ಯಾಂಕಿನ ತಪ್ಪೇನಿದೆ ಅಂತ ನಾನೂ ಮೊದಲು ಅಂದುಕೊಂಡಿದ್ದೆ. ಆಮೇಲೆ ಪೆನ್ನು ಹಿಡಿದು ಕೂತೆ.

2024ರ ಜುಲೈನಲ್ಲಿ ಅಮ್ಮ ಇಟ್ಟದ್ದು ಬ್ಯಾಂಕಿನ 400 ದಿನಗಳ ವಿಶೇಷ ಯೋಜನೆಯಲ್ಲಿ, ಶೇ. 7.25ಕ್ಕೆ. ಅವಳಿಗೆ 57 ವರ್ಷ, ಹಾಗಾಗಿ ಹಿರಿಯ ನಾಗರಿಕರಿಗೆ ಸಿಗುವ ಹೆಚ್ಚುವರಿ ಬಡ್ಡಿ ಇಲ್ಲ. ಠೇವಣಿ ಮುಗಿಯುವ ಹೊತ್ತಿಗೆ ಆ 400 ದಿನದ ಯೋಜನೆಯೇ ನಿಂತುಹೋಗಿತ್ತು. ತಾನಾಗೇ ರಿನ್ಯೂ ಆಗುವ ಠೇವಣಿ ಸಾಮಾನ್ಯವಾಗಿ ಹಳೆಯ ಅವಧಿಗೇ, ಆದರೆ ಅವತ್ತಿನ ದರಕ್ಕೆ ರಿನ್ಯೂ ಆಗುತ್ತೆ. ಯೋಜನೆ ಇಲ್ಲದ ಮೇಲೆ 400 ದಿನ ಅನ್ನೋದು ಬರೀ "ಒಂದರಿಂದ ಎರಡು ವರ್ಷ" ಅನ್ನೋ ಸಾಮಾನ್ಯ ಕಾಲಂಗೆ ಬಿತ್ತು. ಅಲ್ಲಿದ್ದ ದರ ಶೇ. 6.25. ಅದೇ ದಿನ, ಅದೇ ಬ್ಯಾಂಕಿನ ಗೋಡೆಯ ಮೇಲೆ 444 ದಿನಗಳ ಹೊಸ ಯೋಜನೆಯ ಪೋಸ್ಟರ್ ಇತ್ತು. ಅದರ ದರ ಶೇ. 6.60.

ಈಗ ಲೆಕ್ಕ ನೋಡಿ. ಅವತ್ತು ಅಮ್ಮ ಬ್ಯಾಂಕಿಗೆ ಹೋಗಿ 444 ದಿನದ ಯೋಜನೆಗೆ ಹಾಕಿದ್ದರೆ ತಿಂಗಳಿಗೆ 6,564 ರೂಪಾಯಿ ಬರುತ್ತಿತ್ತು. ಅಂದರೆ 7,206ರಿಂದ 642 ರೂಪಾಯಿ ಹೇಗಿದ್ದರೂ ಹೋಗುತ್ತಿತ್ತು. ಅದು ದರ ಕಡಿತದ ಪಾಲು, ನಮ್ಮ ಕೈಯಲ್ಲಿಲ್ಲದ್ದು. ಉಳಿದ 346 ರೂಪಾಯಿ ಹೋದದ್ದು ಯಾರೂ ಏನೂ ಕೇಳಲಿಲ್ಲ, ಯಾರೂ ಏನೂ ಹೇಳಲಿಲ್ಲ ಅನ್ನೋ ಕಾರಣಕ್ಕೆ. ಅದು ಮೌನದ ಪಾಲು. ಅಮ್ಮನ ಮನೆಯಲ್ಲಿ ಆ ದುಡ್ಡಿಗೆ ಒಂದು ವಾರದ ತರಕಾರಿ ಬರುತ್ತೆ.

(12 ಲಕ್ಷಕ್ಕೆ ಶೇ. 6.25 ಅಂದರೆ ವರ್ಷಕ್ಕೆ 75,000, ತಿಂಗಳಿಗೆ 6,250 ಬರಬೇಕಲ್ಲ ಅಂತ ಕೆಲವರು ಕೇಳಬಹುದು. ಬ್ಯಾಂಕು ಬಡ್ಡಿ ಲೆಕ್ಕ ಹಾಕೋದು ಮೂರು ತಿಂಗಳಿಗೊಮ್ಮೆ. ಅದಕ್ಕೂ ಮುಂಚೆ ಪ್ರತಿ ತಿಂಗಳು ಬೇಕು ಅಂದರೆ, ಮುಂಗಡ ಕೊಟ್ಟದ್ದಕ್ಕೆ ಸ್ವಲ್ಪ ಮುರಿದುಕೊಂಡು ಕೊಡುತ್ತೆ. ಹಾಗಾಗಿ 6,218. ಇದು ಮೋಸ ಅಲ್ಲ, ಆದರೆ ಗೊತ್ತಿರಬೇಕು.)

ಮುರಿದು ಮತ್ತೆ ಇಟ್ಟರೆ?

ನನಗೆ ಮೊದಲು ಹೊಳೆದದ್ದು ಇದೇ. ಮುರಿಯೋಣ, ಶೇ. 6.60ಕ್ಕೆ ಹಾಕೋಣ. ಮುರಿಯುವ ಹಕ್ಕಂತೂ ಇದೆ. 2023ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಮಾಡಿದ ನಿಯಮದ ಪ್ರಕಾರ ವ್ಯಕ್ತಿಗಳ ಒಂದು ಕೋಟಿವರೆಗಿನ ಠೇವಣಿಯನ್ನು ಅವಧಿಗೆ ಮುಂಚೆ ತೆಗೆಯಲು ಬ್ಯಾಂಕು ಬಿಡಲೇಬೇಕು. ತೆರಿಗೆ ಉಳಿಸುವ ಐದು ವರ್ಷದ ಠೇವಣಿಗೆ ಮಾತ್ರ ಇದು ಅನ್ವಯಿಸಲ್ಲ.

ಆದರೆ ಮುರಿದಾಗ ಒಪ್ಪಂದದ ದರ ಸಿಗಲ್ಲ. ದುಡ್ಡು ನಿಜವಾಗಿ ಎಷ್ಟು ದಿನ ಇತ್ತೋ ಅಷ್ಟು ದಿನದ ಠೇವಣಿಗೆ ಇರುವ ದರ ಕೊಟ್ಟು, ಅದರಲ್ಲೂ ದಂಡ ಅಂತ ಅರ್ಧ ಅಥವಾ ಒಂದು ಪರ್ಸೆಂಟ್ ಮುರಿದುಕೊಳ್ಳುತ್ತಾರೆ. ರಿನ್ಯೂ ಆದ ಠೇವಣಿ ಅವರ ಪ್ರಕಾರ ಹೊಸ ಠೇವಣಿ. ಅಮ್ಮನದು ಶುರುವಾಗಿ 61 ದಿನ ಆಗಿತ್ತು. 61 ದಿನದ ದರ ಶೇ. 4.9, ದಂಡ ಕಳೆದು ಶೇ. 3.9. ಆ ಲೆಕ್ಕದಲ್ಲಿ ಸಿಗಬೇಕಾದ ಬಡ್ಡಿ ಸುಮಾರು 7,820 ರೂಪಾಯಿ. ಆದರೆ ಎರಡು ತಿಂಗಳಲ್ಲಿ ಈಗಾಗಲೇ 12,436 ಕೊಟ್ಟಾಗಿದೆ. ಹೆಚ್ಚಿಗೆ ಹೋದ 4,600 ಚಿಲ್ಲರೆಯನ್ನು ಅಸಲಿನಲ್ಲೇ ಮುರಿದುಕೊಳ್ಳುತ್ತಾರೆ. ಉಳಿದಿರುವ 11 ತಿಂಗಳಿಗೆ ತಿಂಗಳಿಗೆ 346ರಂತೆ ನಮಗೆ ಸಿಗುವ ಲಾಭ 3,806. ಅಂದರೆ ಮುರಿದರೆ ಸುಮಾರು 800 ರೂಪಾಯಿ ಕೈಯಿಂದಲೇ ಹಾಕಬೇಕು.

ಹಾಗೇ ಬಿಟ್ವಿ. ಈ ಬಲೆ ಇರೋದೇ ಹೀಗೆ. ಒಳಗೆ ಹೋಗಲು ಏನೂ ಮಾಡಬೇಕಿಲ್ಲ, ಸುಮ್ಮನಿದ್ದರೆ ಸಾಕು. ಹೊರಗೆ ಬರಲು ದಂಡ ಕಟ್ಟಬೇಕು. ಮೊದಲ ವಾರದಲ್ಲೇ ಗೊತ್ತಾಗಿದ್ದರೆ ಕಥೆ ಬೇರೆ ಇರುತ್ತಿತ್ತು. ರಿನ್ಯೂ ಆದ ಕೆಲವು ದಿನಗಳೊಳಗೆ ಹೋದರೆ ದಂಡವಿಲ್ಲದೆ ಬದಲಾಯಿಸಿಕೊಡುವ ಬ್ಯಾಂಕುಗಳಿವೆ. ಆದರೆ ಅದು ಆಯಾ ಬ್ಯಾಂಕಿನ ಮರ್ಜಿ, ನಮ್ಮ ಹಕ್ಕಲ್ಲ.

ಫಾರಂನಲ್ಲಿರುವ ಮೂರು ಸಾಲು

ಎಫ್‌ಡಿ ಮಾಡುವಾಗ ಎಲ್ಲರೂ ದರ ನೋಡುತ್ತಾರೆ, ಅವಧಿ ನೋಡುತ್ತಾರೆ. ಕೆಳಗಡೆ "ಅವಧಿ ಮುಗಿದಾಗ ಏನು ಮಾಡಬೇಕು" ಅನ್ನೋ ಸಾಲನ್ನು ಯಾರೂ ಓದಲ್ಲ. ಅಲ್ಲಿ ಸಾಮಾನ್ಯವಾಗಿ ಮೂರು ಆಯ್ಕೆ ಇರುತ್ತವೆ. ಒಂದು, ಅಸಲು ಬಡ್ಡಿ ಎರಡನ್ನೂ ಸೇರಿಸಿ ರಿನ್ಯೂ ಮಾಡು. ಎರಡು, ಅಸಲನ್ನು ಮಾತ್ರ ರಿನ್ಯೂ ಮಾಡಿ ಬಡ್ಡಿಯನ್ನು ಖಾತೆಗೆ ಹಾಕು. ಮೂರು, ಠೇವಣಿ ಮುಚ್ಚಿ ಪೂರ್ತಿ ದುಡ್ಡನ್ನು ಉಳಿತಾಯ ಖಾತೆಗೆ ಹಾಕು. ಅನೇಕ ಆಪ್‌ಗಳಲ್ಲಿ ಮೊದಲೇ ಆಯ್ಕೆಯಾಗಿ ಬರೋದು ಮೊದಲ ಎರಡರಲ್ಲೊಂದು.

ನ್ಯಾಯವಾಗಿ ಹೇಳಬೇಕಂದ್ರೆ ಆಟೋ ರಿನ್ಯೂವಲ್‌ಗೂ ಒಂದು ಸಮರ್ಥನೆ ಇದೆ. ಯಾವ ಸೂಚನೆಯೂ ಇಲ್ಲದೆ ಠೇವಣಿ ಮುಗಿದು ದುಡ್ಡು ಬ್ಯಾಂಕಿನಲ್ಲೇ ಕೂತರೆ ಏನಾಗುತ್ತೆ? 2021ರ ಜುಲೈ 2ರಂದು ರಿಸರ್ವ್ ಬ್ಯಾಂಕ್ ಈ ನಿಯಮ ಬದಲಿಸಿತು. ಅಂಥ ದುಡ್ಡಿಗೆ ಉಳಿತಾಯ ಖಾತೆಯ ದರ ಅಥವಾ ಹಳೆಯ ಒಪ್ಪಂದದ ದರ, ಇವೆರಡರಲ್ಲಿ ಯಾವುದು ಕಮ್ಮಿಯೋ ಅದು. ದೊಡ್ಡ ಬ್ಯಾಂಕುಗಳಲ್ಲಿ ಉಳಿತಾಯ ಖಾತೆಗೆ ಈಗ ಸಿಗೋದು ಶೇ. 2.5ರ ಆಸುಪಾಸು. ವರ್ಷಗಟ್ಟಲೆ ಮರೆತುಬಿಡುವವರಿಗೆ ಅದಕ್ಕಿಂತ ಆಟೋ ರಿನ್ಯೂವಲ್ಲೇ ವಾಸಿ.

ಆದರೆ ಪ್ರತಿ ತಿಂಗಳ ಬಡ್ಡಿಯಿಂದಲೇ ಬದುಕುವವರು ಎಫ್‌ಡಿಯನ್ನು ಮರೆಯಲ್ಲ. ಅವರಿಗೆ ಮೂರನೆಯ ಆಯ್ಕೆಯೇ ಸರಿ ಅಂತ ಈಗ ನನಗನ್ನಿಸುತ್ತೆ. ಮುಚ್ಚಿ ಖಾತೆಗೆ ಬಂದ ಎರಡು ಲಕ್ಷ ಒಂದು ವಾರ ಸುಮ್ಮನೆ ಕೂತರೆ ಆಗುವ ನಷ್ಟ ದಿನಕ್ಕೆ ಸುಮಾರು 22 ರೂಪಾಯಿ, ವಾರಕ್ಕೆ 157. ಆ ವಾರದಲ್ಲಿ ದರ ಹೋಲಿಸಿ ನೋಡಬಹುದು, ಮಕ್ಕಳನ್ನು ಕೇಳಬಹುದು, ಬ್ಯಾಂಕನ್ನೇ ಬದಲಿಸಬಹುದು. ತಪ್ಪು ದರದಲ್ಲಿ 400 ದಿನ ಸಿಕ್ಕಿಕೊಳ್ಳೋದಕ್ಕಿಂತ 157 ರೂಪಾಯಿ ಅಗ್ಗ. ಈ ಸೂಚನೆಯನ್ನು ಠೇವಣಿ ಮುಗಿಯುವ ಮುಂಚೆ ಬ್ರಾಂಚಿನಲ್ಲಿ ಬರೆದುಕೊಟ್ಟು ಬದಲಾಯಿಸಬಹುದು, ಎಷ್ಟೋ ಆಪ್‌ಗಳಲ್ಲೂ ಆಗುತ್ತೆ. ನಾವು ಅವತ್ತೇ ಬದಲಾಯಿಸಿ ಬಂದೆವು.

ಒಂದೇ ಎಚ್ಚರ. ಖಾತೆಗೆ ದೊಡ್ಡ ಮೊತ್ತ ಬಂದ ವಾರವೇ ಬ್ರಾಂಚಿನಿಂದ ಪ್ರೀತಿಯ ಫೋನ್ ಬರುತ್ತೆ. "ಎಫ್‌ಡಿಗಿಂತ ಒಳ್ಳೇ ಸ್ಕೀಮ್ ಇದೆ ಆಂಟಿ" ಅಂತ ಶುರುವಾಗಿ ಹತ್ತು ವರ್ಷ ಪ್ರೀಮಿಯಂ ಕಟ್ಟಬೇಕಾದ ವಿಮೆಯಲ್ಲಿ ಮುಗಿಯುತ್ತೆ. ಆ ವಾರ ಅಮ್ಮ ಯಾವುದಕ್ಕೂ ಸಹಿ ಹಾಕಬಾರದು ಅನ್ನೋದು ನಮ್ಮನೆ ಕಾನೂನು.

ಏಣಿ ಬೇಕಿರೋದು ಯಾಕೆ?

ನಿಜವಾದ ತಪ್ಪು ಆ ಟಿಕ್‌ಗಿಂತ ಹಿಂದಿನದು. 12 ಲಕ್ಷವೂ ಒಂದೇ ಬಾಂಡಿನಲ್ಲಿ, ಒಂದೇ ದಿನಕ್ಕೆ ಮುಗಿಯುವಂತೆ ಇತ್ತು. ಹಾಗಾಗಿ ಆ ಒಂದು ದಿನದ ದರವೇ ಅವಳ ಇಡೀ ವರ್ಷದ ಆದಾಯವನ್ನು ನಿರ್ಧರಿಸಿತು. ದರ ಒಂದು ಪರ್ಸೆಂಟ್ ಇಳಿದರೆ ಒಂದೇ ಏಟಿಗೆ ತಿಂಗಳಿಗೆ ಸಾವಿರ ಹೋಗುತ್ತೆ.

ಇದಕ್ಕೆ ಪರಿಹಾರ ಅಂತ ಹೇಳೋದೇ ಏಣಿ: ದುಡ್ಡನ್ನು ಬೇರೆ ಬೇರೆ ದಿನ ಮುಗಿಯುವ ಠೇವಣಿಗಳಾಗಿ ಹಂಚುವುದು. ಇಂಟರ್‌ನೆಟ್‌ನಲ್ಲಿ ಹೆಚ್ಚಾಗಿ ಸಿಗುವ ಸಲಹೆ, ಒಂದೊಂದು ಲಕ್ಷದ 12 ಠೇವಣಿ ಮಾಡಿ, ತಿಂಗಳಿಗೊಂದು ಮುಗಿಯುವಂತೆ ಇಡಿ, ಅದರ ಬಡ್ಡಿಯೇ ನಿಮ್ಮ ತಿಂಗಳ ಸಂಬಳ ಅಂತ. ಕೇಳೋಕೆ ಚೆಂದ. ಆದರೆ ವರ್ಷಕ್ಕೆ 12 ಸಲ ರಿನ್ಯೂ ಮಾಡಬೇಕು, ಅಂದರೆ ಅದೇ ಬಲೆಗೆ 12 ಬಾಗಿಲು. ಮೇಲಾಗಿ ಎಲ್ಲವೂ ಒಂದು ವರ್ಷದ ಠೇವಣಿ. ದರ ಇಳಿದರೆ ಒಂದೇ ವರ್ಷದಲ್ಲಿ ಪೂರ್ತಿ 12 ಲಕ್ಷವೂ ಕೆಳಗಿನ ದರಕ್ಕೆ ಬಂದು ಕೂರುತ್ತೆ.

ಇಲ್ಲಿ ಎರಡು ಕೆಲಸ ಕಲಸಿಹೋಗಿವೆ. ತಿಂಗಳು ತಿಂಗಳು ದುಡ್ಡು ಬರೋದಕ್ಕೆ ಏಣಿ ಬೇಕಾಗಿಲ್ಲ. ತಿಂಗಳ ಬಡ್ಡಿಯ ಆಯ್ಕೆ ಇದ್ದೇ ಇದೆ, ಐದು ವರ್ಷದ ಠೇವಣಿಗೂ ಅದು ಸಿಗುತ್ತೆ. ಏಣಿ ಬೇಕಿರೋದು ದರದ ಏಟು ಒಂದೇ ಸಲ ಬೀಳದಂತೆ ತಡೆಯಲು, ಮತ್ತೆ ವರ್ಷಕ್ಕೊಮ್ಮೆಯಾದರೂ ಸ್ವಲ್ಪ ದುಡ್ಡು ದಂಡವಿಲ್ಲದೆ ಕೈಗೆ ಬರಲು. ಅದಕ್ಕೆ ವರ್ಷಕ್ಕೊಂದು ಮೆಟ್ಟಿಲು ಸಾಕು.

ಅಮ್ಮನ ಠೇವಣಿ 2026ರ ಸೆಪ್ಟೆಂಬರ್ 16ಕ್ಕೆ ಮುಗಿಯುತ್ತೆ. ಅವತ್ತಿಗೆ ನಾವು ಹಾಕಿಕೊಂಡಿರುವ ಲೆಕ್ಕ ಹೀಗಿದೆ. ಎರಡೆರಡು ಲಕ್ಷದ ಆರು ಭಾಗ. ಐದು ಭಾಗಗಳು ಒಂದು, ಎರಡು, ಮೂರು, ನಾಲ್ಕು, ಐದು ವರ್ಷದ ಠೇವಣಿಗಳು. ಎಲ್ಲದಕ್ಕೂ ತಿಂಗಳ ಬಡ್ಡಿ. ಆರನೆಯದು ಆಸ್ಪತ್ರೆ, ಅರ್ಜೆಂಟು ಅಂತ ಇಟ್ಟ ಒಂದು ವರ್ಷದ ಠೇವಣಿ. ಕಷ್ಟ ಬಂದರೆ ಮುರಿಯೋದು ಅದೊಂದನ್ನೇ, ಉಳಿದವನ್ನು ಮುಟ್ಟಲ್ಲ. ಮೊದಲ ಮೆಟ್ಟಿಲು ಒಂದು ವರ್ಷಕ್ಕೆ ಮುಗಿದಾಗ ಅದನ್ನು ಐದು ವರ್ಷಕ್ಕೆ ಹಾಕೋದು. ಮರುವರ್ಷ ಎರಡನೆಯದನ್ನು ಹಾಗೇ. ನಾಲ್ಕು ವರ್ಷ ಕಳೆಯುವ ಹೊತ್ತಿಗೆ ಐದೂ ಐದು ವರ್ಷದ ಠೇವಣಿಗಳಾಗಿರುತ್ತವೆ, ಆದರೆ ಪ್ರತಿ ವರ್ಷ ಒಂದು ಮುಗಿಯುತ್ತಲೇ ಇರುತ್ತೆ.

ಸರಾಸರಿ ದರ ಈಗಿನಂತೆ ಶೇ. 6.25 ಸಿಕ್ಕರೆ ತಿಂಗಳಿಗೆ ಅದೇ 6,218 ಬರುತ್ತೆ. ಏಣಿ ಕಟ್ಟಿದ ಮಾತ್ರಕ್ಕೆ ಆದಾಯ ಹೆಚ್ಚಲ್ಲ. ಆದರೆ ಮುಂದಿನ ವರ್ಷ ದರ ಮತ್ತೊಂದು ಪರ್ಸೆಂಟ್ ಇಳಿಯಿತು ಅಂತಿಟ್ಟುಕೊಳ್ಳಿ. ಆ ವರ್ಷ ಹೊಸ ದರಕ್ಕೆ ಬರೋದು ಒಂದು ಮೆಟ್ಟಿಲು ಮತ್ತು ಆ ಅರ್ಜೆಂಟಿನ ಠೇವಣಿ, ಒಟ್ಟು ನಾಲ್ಕು ಲಕ್ಷ. ತಿಂಗಳ ಆದಾಯದಲ್ಲಿ ಇಳಿಯೋದು ಸುಮಾರು 333 ರೂಪಾಯಿ, ಸಾವಿರ ಅಲ್ಲ. ದರ ಏರಿದರೂ ಲಾಭ ಅಷ್ಟೇ ನಿಧಾನವಾಗಿ ಬರುತ್ತೆ, ಅದು ಇದರ ಬೆಲೆ. ಇಳಿಕೆ ವರ್ಷಗಟ್ಟಲೆ ಮುಂದುವರಿದರೆ ಏಣಿಯೂ ಒಂದೊಂದೇ ಮೆಟ್ಟಿಲಾಗಿ ಕೆಳಗಿಳಿಯುತ್ತೆ. ಆದರೆ ಮನೆಯ ಖರ್ಚನ್ನು ಹೊಂದಿಸಿಕೊಳ್ಳೋಕೆ ಅಮ್ಮನಿಗೆ ಟೈಮ್ ಸಿಗುತ್ತೆ.

ಮೂರನೆಯ ಮೆಟ್ಟಿಲಿನಲ್ಲಿ ಇನ್ನೊಂದು ಉದ್ದೇಶ ಇದೆ. ಅದು ಮುಗಿಯುವ ಹೊತ್ತಿಗೆ ಅಮ್ಮನಿಗೆ 60 ದಾಟಿರುತ್ತೆ. ಆಗ ಆ ಎರಡು ಲಕ್ಷ ಕೇಂದ್ರ ಸರ್ಕಾರದ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹೋಗಬಹುದು. 2023ರ ಏಪ್ರಿಲ್‌ನಲ್ಲಿ ಅದರ ದರವನ್ನು ಶೇ. 8.2ಕ್ಕೆ ಏರಿಸಲಾಗಿತ್ತು, ಬಡ್ಡಿ ಮೂರು ತಿಂಗಳಿಗೊಮ್ಮೆ. ನಿಮ್ಮನೆಯ ಹಿರಿಯರಿಗೆ ಈಗಾಗಲೇ 60 ಆಗಿದ್ದರೆ ಬ್ಯಾಂಕ್ ಎಫ್‌ಡಿಗಿಂತ ಮೊದಲು ಅದರ ಈಗಿನ ದರ ಎಷ್ಟಿದೆ ಅಂತ ನೋಡಿ.

ಐದು ವರ್ಷದ ಮೆಟ್ಟಿಲು ಹಾಕುವಾಗ ಫಾರಂನಲ್ಲಿ "ತೆರಿಗೆ ಉಳಿತಾಯ" ಅಂತ ಇರೋದನ್ನು ಆರಿಸಬೇಡಿ. ಹೆಸರು ನೋಡಿ ಒಳ್ಳೇದು ಅನ್ನಿಸುತ್ತೆ, ಆದರೆ ಅದನ್ನು ಮುರಿಯೋಕೆ ಆಗಲ್ಲ.

ಒಂದೇ ಬ್ಯಾಂಕು ಬೇಡ

ಈ ಆರು ಭಾಗಗಳನ್ನು ನಾವು ಮೂರು ಬ್ಯಾಂಕಿಗೆ ಹಂಚುತ್ತಿದ್ದೇವೆ, ಒಂದೊಂದರಲ್ಲಿ ನಾಲ್ಕು ಲಕ್ಷ. ಕಾರಣ, ಠೇವಣಿ ವಿಮೆ ಇರೋದು ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ ಐದು ಲಕ್ಷದವರೆಗೆ ಮಾತ್ರ. ಒಂದೇ ಬ್ಯಾಂಕಿನ ಮೂರು ಬ್ರಾಂಚಿನಲ್ಲಿಟ್ಟರೆ ಅದು ಒಂದೇ ಲೆಕ್ಕ. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿದಾಗ ಠೇವಣಿದಾರರಿಗೆ ತೆಗೆಯಲು ಬಿಟ್ಟದ್ದು 35,000 ರೂಪಾಯಿ. ನಿವೃತ್ತಿಯ ಪೂರ್ತಿ ದುಡ್ಡನ್ನು ಒಂದೇ ಕಡೆ ಇಟ್ಟಿದ್ದ ಹಿರಿಯರು ಬೀದಿಗಿಳಿದದ್ದನ್ನು ಬೆಂಗಳೂರು ನೋಡಿದೆ. ಒಂದು ಪರ್ಸೆಂಟ್ ಜಾಸ್ತಿ ಕೊಡ್ತೀವಿ ಅನ್ನುವ ಪತ್ತಿನ ಸಹಕಾರ ಸಂಘಗಳಿಗಂತೂ ಈ ವಿಮೆಯೇ ಇಲ್ಲ. ವಿಮೆ ಇರೋದು ಸಹಕಾರ ಬ್ಯಾಂಕುಗಳಿಗೆ, ಸಂಘಗಳಿಗಲ್ಲ.

ಹಂಚಿದರೆ ಇನ್ನೊಂದು ಅನುಕೂಲ. 60 ದಾಟದವರಿಗೆ ಒಂದು ಬ್ಯಾಂಕಿನಿಂದ ವರ್ಷಕ್ಕೆ 50,000ಕ್ಕಿಂತ ಹೆಚ್ಚು ಬಡ್ಡಿ ಬಂದರೆ ಟಿಡಿಎಸ್ ಹಿಡಿಯುತ್ತಾರೆ. ತೆರಿಗೆ ಕಟ್ಟುವಷ್ಟು ಆದಾಯ ಇಲ್ಲದವರು ಪ್ರತಿ ವರ್ಷ ಏಪ್ರಿಲ್‌ನಲ್ಲಿ, ಇಷ್ಟು ದಿನ 15ಜಿ ಅಂತ ಕರೆದ ಆ ಘೋಷಣೆ ಕೊಡಬೇಕು, ಮರೆತರೆ ಶೇ. 10 ಹೋಗುತ್ತೆ. 75,000 ಬಡ್ಡಿ ಮೂರು ಬ್ಯಾಂಕಿಗೆ ಹಂಚಿಹೋದರೆ ಒಂದೊಂದರಲ್ಲಿ 25,000. ಆ ರಗಳೆಯೇ ಇರಲ್ಲ.

ಮೌನ ಒಪ್ಪಿಗೆಯಲ್ಲ

ಇಷ್ಟೆಲ್ಲ ಲೆಕ್ಕ ಹಾಕೋಕೆ ನನಗೆ ಒಂದು ಭಾನುವಾರ ಬೇಕಾಯ್ತು. ಅಮ್ಮ ಯಾಕೆ ಹಾಕಬೇಕು ಅನ್ನೋದು ನನ್ನ ಪ್ರಶ್ನೆ. 2019ರ ಅಕ್ಟೋಬರ್‌ನಿಂದ ಹೊಸ ಫ್ಲೋಟಿಂಗ್ ಮನೆ ಸಾಲಗಳನ್ನು ರೆಪೊ ಥರದ ಹೊರಗಿನ ದರಕ್ಕೆ ಜೋಡಿಸಲೇಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಅದು ಸಾಲಗಾರರ ಹಕ್ಕನ್ನು ಕಾಪಾಡಿತು, ಸರಿಯಾದ ಕೆಲಸ. ಠೇವಣಿದಾರರಿಗೆ ಅಂಥದ್ದೊಂದು ಇಲ್ಲ. ಠೇವಣಿ ಮುಗಿಯುವ ದಿನವನ್ನು ಮುಂಚಿತವಾಗಿ ತಿಳಿಸಿ ಅಂತ ಬ್ಯಾಂಕುಗಳಿಗೆ ಹೇಳಿದೆ. ನಮ್ಮ ವಿಷಯದಲ್ಲಿ ಮೆಸೇಜ್ ಬಂದೂ ಇತ್ತು. ಇಂಗ್ಲಿಷಿನಲ್ಲಿ, ಠೇವಣಿ ನಂಬರಿನ ಕೊನೆಯ ನಾಲ್ಕು ಅಂಕಿಯ ಜೊತೆ. ಹಳೆಯ ದರ ಎಷ್ಟು, ಹೊಸ ದರ ಎಷ್ಟು ಅನ್ನೋದು ಅದರಲ್ಲಿರಲಿಲ್ಲ.

ಬೇಕಿರೋದು ದೊಡ್ಡ ಕ್ರಾಂತಿಯೇನಲ್ಲ. ಒಂದು, ರಿನ್ಯೂವಲ್ ಟಿಕ್ ಮೊದಲೇ ಹಾಕಿ ಬರಬಾರದು. ಎರಡು, ಹಳೆ ದರ, ಹೊಸ ದರ, ಅವತ್ತು ಅದೇ ಬ್ಯಾಂಕಿನಲ್ಲಿ ಲಭ್ಯವಿರುವ ಅತಿ ಹೆಚ್ಚಿನ ದರ, ಈ ಮೂರೂ ಒಂದೇ ಮೆಸೇಜಿನಲ್ಲಿ, ಗ್ರಾಹಕರ ಭಾಷೆಯಲ್ಲಿ ಬರಬೇಕು. ಮೂರು, ತಾನಾಗೇ ರಿನ್ಯೂ ಆದ ಠೇವಣಿಯನ್ನು ಒಂದು ತಿಂಗಳವರೆಗೆ ದಂಡವಿಲ್ಲದೆ ಹಿಂಪಡೆಯುವ ಅವಕಾಶ ಎಲ್ಲ ಬ್ಯಾಂಕುಗಳಲ್ಲೂ ಹಕ್ಕಾಗಿ ಇರಬೇಕು. ಒಂದು ತಿಂಗಳು ಯಾಕೆ ಅಂದರೆ, ಬಡ್ಡಿ ಕಮ್ಮಿ ಬಂದಿದೆ ಅನ್ನೋದು ಅಮ್ಮನಂಥವರಿಗೆ ಗೊತ್ತಾಗೋದು ಮೊದಲ ತಿಂಗಳ ದುಡ್ಡು ಖಾತೆಗೆ ಬಿದ್ದ ಮೇಲೆಯೇ.

ಅದೆಲ್ಲ ಆಗೋವರೆಗೆ ಈ ಭಾನುವಾರ ಮನೆಯವರ ಎಫ್‌ಡಿ ಬಾಂಡುಗಳನ್ನು ತೆಗೆದು ನೋಡಿ. ಯಾವ ದಿನ ಮುಗಿಯುತ್ತೆ, ಮುಗಿದಾಗ ಏನು ಮಾಡಿ ಅಂತ ಬರೆದಿದೆ, ಈ ಎರಡೇ. ನಮ್ಮನೆಯಲ್ಲಿ ಸೆಪ್ಟೆಂಬರ್ 16ಕ್ಕೆ ಅಮ್ಮ ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ಕೆಂಪು ಪೆನ್ನಿನಿಂದ ಸುತ್ತು ಹಾಕಿದ್ದಾಳೆ. ಪಕ್ಕದಲ್ಲಿ ಅವಳದೇ ಅಕ್ಷರದಲ್ಲಿ ಬರೆದಿದ್ದಾಳೆ: "ಸಹಿ ಹಾಕಬಾರದು."